ಗೆಳತಿಗೊಂದು ಪತ್ರ: ಮೂರನೇ ತರಗತಿಗೆ ಚೌಕಟ್ಟು ಹಾಕಿಕೊಡುವ ಬಗೆ

ಮೂರನೇ ತರಗತಿಯ ಮಕ್ಕಳು ಬರೆದ ಮೂವತ್ತು ಪತ್ರಗಳನ್ನು ಒಟ್ಟಿಗೆ ತಿದ್ದಲು ಕೂತರೆ, ಐದನೆಯದನ್ನು ಮುಗಿಸುವಷ್ಟರಲ್ಲಿ ಆರನೆಯದರಲ್ಲಿ ಏನಿದೆ ಎಂದು ಗೊತ್ತಾಗಿಬಿಡುತ್ತದೆ. 'ನಾನು ಕ್ಷೇಮ. ನೀನೂ ಕ್ಷೇಮವೆಂದು ಭಾವಿಸುತ್ತೇನೆ. ನಾನು ಪ್ರವಾಸಕ್ಕೆ ಹೋಗಿದ್ದೆ. ಅಲ್ಲಿ ಮರಗಳನ್ನು ನೋಡಿದೆ. ತುಂಬಾ ಸಂತೋಷವಾಯಿತು.' ಏಳನೆಯದರಲ್ಲಿ ಮರದ ಬದಲು ಹಕ್ಕಿ ಇರುತ್ತದೆ, ಎಂಟನೆಯದರಲ್ಲಿ ಮತ್ತೆ ಮರ. ಅಕ್ಷರ ಚೆನ್ನಾಗಿದೆ, ತಪ್ಪಿಲ್ಲ, ಅಂಕ ಕಡಿಮೆ ಕೊಡಲು ಕಾರಣವೂ ಇಲ್ಲ. ಆದರೆ ಆ ಪತ್ರವನ್ನು ಯಾರಿಗಾದರೂ ಕಳಿಸಿದರೆ ಅವರಿಗೆ ಹೊಸದಾಗಿ ತಿಳಿಯುವುದು ಏನೂ ಇರುವುದಿಲ್ಲ.

ಇದರಲ್ಲಿ ಮಕ್ಕಳ ತಪ್ಪೇನಿಲ್ಲ, ಚೌಕಟ್ಟಿನದೇ ತಪ್ಪು. ಬೋರ್ಡಿನ ಮೇಲೆ ನಾವೇ 'ನಾನು ______ಕ್ಕೆ ಹೋಗಿದ್ದೆ. ಅಲ್ಲಿ ______ ನೋಡಿದೆ' ಎಂದು ಬರೆದು ಬಿಟ್ಟ ಸ್ಥಳ ತುಂಬಲು ಹೇಳಿದ್ದೆವು. ಅವರು ತುಂಬಿದರು, ಅಷ್ಟೇ. ಹಾಗೆಂದು ಚೌಕಟ್ಟನ್ನೇ ತೆಗೆದುಬಿಟ್ಟು 'ನಿಮಗೆ ತೋಚಿದ್ದು ಬರೆಯಿರಿ' ಎಂದರೆ ಎಂಟು ವರ್ಷದ ಮಗು ಪೆನ್ಸಿಲ್ ಹಿಡಿದು ಕಿಟಕಿಯ ಕಡೆ ನೋಡುತ್ತ ಕೂರುತ್ತದೆ. ಚೌಕಟ್ಟು ಬೇಕು. ಪತ್ರದ ಯಾವ ಭಾಗವನ್ನು ಬರೆದು ಕೊಡಬೇಕು, ಯಾವುದನ್ನು ಖಾಲಿ ಬಿಡಬೇಕು ಎಂಬುದರಲ್ಲಿ ನಾವು ಎಡವುತ್ತಿದ್ದೇವೆ.

ಕಟ್ಟಡ ಕಟ್ಟುವವರು ಗೋಡೆ ಏಳುವವರೆಗೆ ನಿಲ್ಲಲು ಸಾರುವೆ ಕಟ್ಟಿಕೊಳ್ಳುತ್ತಾರೆ, ಗೋಡೆ ಎದ್ದ ಮೇಲೆ ಬಿಚ್ಚುತ್ತಾರೆ. ಕಲಿಸುವವರ ನೆರವಿಗೆ ಈ ಹೋಲಿಕೆ ಬಳಕೆಗೆ ಬಂದದ್ದು 1976ರಲ್ಲಿ ವುಡ್, ಬ್ರೂನರ್ ಮತ್ತು ರಾಸ್ ಎಂಬ ಮೂವರು ಬರೆದ ಲೇಖನದಿಂದ. ಮೂರರಿಂದ ಐದು ವರ್ಷದ ಮಕ್ಕಳು ಮರದ ತುಂಡುಗಳನ್ನು ಒಂದಕ್ಕೊಂದು ಸೇರಿಸಿ ಪಿರಮಿಡ್ ಕಟ್ಟುವಾಗ ಪಕ್ಕದಲ್ಲಿ ಕೂತ ದೊಡ್ಡವರು ಹೇಗೆ ನೆರವಾಗುತ್ತಾರೆ ಎಂದು ಅವರು ನೋಡಿದ್ದರು. ಮಗುವಿನ ಕೈಗೆ ಮೀರಿದ ಭಾಗವನ್ನು ದೊಡ್ಡವರು ಹಿಡಿದುಕೊಂಡರೆ, ಕೈಗೆ ಎಟಕುವ ಭಾಗದ ಮೇಲೆ ಮಗು ಗಮನ ಕೊಡಲು ಆಗುತ್ತದೆ. ಪತ್ರದ ಚೌಕಟ್ಟಿಗೂ ಇದೇ ಲೆಕ್ಕ.

ಹಾಗಾದರೆ ಪತ್ರದಲ್ಲಿ ಮಗುವಿನ ಕೈಗೆ ಮೀರಿದ್ದು ಯಾವುದು? ದಿನಾಂಕ ಎಲ್ಲಿ ಬರಬೇಕು, 'ಪ್ರೀತಿಯ' ಎಂದ ಮೇಲೆ ಏನು, ಕೊನೆಯಲ್ಲಿ 'ಇಂತಿ' ಎಂದರೇನು, ಇವೆಲ್ಲ ರೂಢಿ. ಯೋಚನೆ ಮಾಡಿ ಕಂಡುಹಿಡಿಯುವಂಥದ್ದಲ್ಲ, ಯಾರಾದರೂ ಹೇಳಿಕೊಡಬೇಕು. ನಮ್ಮ ಅಜ್ಜಂದಿರು 'ಉಭಯ ಕುಶಲೋಪರಿ ಸಾಂಪ್ರತ' ಎಂದು ಬರೆಯುತ್ತಿದ್ದಾಗಲೂ ಅದನ್ನು ಅವರೇನು ಹೊಸೆದಿರಲಿಲ್ಲ. ಯಾರದೋ ಕಾಗದ ನೋಡಿ ಕಲಿತಿದ್ದರು. ಆದ್ದರಿಂದ ಪತ್ರದ ತಲೆಯನ್ನೂ ಕಾಲನ್ನೂ ಧಾರಾಳವಾಗಿ ಬರೆದುಕೊಡಬಹುದು, ಮಕ್ಕಳು ನೋಡಿ ಬರೆದರೆ ನಷ್ಟವಿಲ್ಲ. ನಡುವಿನ ಮೂರು ವಾಕ್ಯಗಳು ಮಾತ್ರ ಮಗುವಿನವೇ ಆಗಿರಬೇಕು. ಅಲ್ಲಿ ನಾವು ಒಂದು ಪದ ಬರೆದುಕೊಟ್ಟರೂ ಅದೇ ಪದ ಮೂವತ್ತು ಪತ್ರಗಳಲ್ಲಿ ತಿರುಗಿ ಬರುತ್ತದೆ.

ನಾನು ಬಳಸುವ ಚೌಕಟ್ಟು ಇದು:

ಊರು: ____________
ದಿನಾಂಕ: ____________

ಪ್ರೀತಿಯ ____________,

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ?

ನಿನಗೊಂದು ವಿಷಯ ಹೇಳಬೇಕು.
(ಏನಾಯಿತು?) ________________________
(ಹೇಗಾಯಿತು?) ________________________
(ಆಮೇಲೆ ಏನು?) ________________________

(ಗೆಳೆಯನಿಗೆ ಅಥವಾ ಗೆಳತಿಗೆ ಒಂದು ಪ್ರಶ್ನೆ) ________________________

ಇಂತಿ ನಿನ್ನ ____________,
____________

ನಡುವೆ ಇರುವುದು ಪ್ರಶ್ನೆಗಳು, ಅರ್ಧ ವಾಕ್ಯಗಳಲ್ಲ. 'ಅಲ್ಲಿ ______ ನೋಡಿದೆ' ಎಂಬ ಅರ್ಧ ವಾಕ್ಯ ಮಗುವನ್ನು ಒಂದೇ ಬಗೆಯ ಉತ್ತರಕ್ಕೆ ದೂಡುತ್ತದೆ. 'ಹೇಗಾಯಿತು?' ಎಂದು ಕೇಳಿದರೆ ಮಗು ಪೂರ್ತಿ ವಾಕ್ಯವನ್ನು ತಾನೇ ಕಟ್ಟಬೇಕಾಗುತ್ತದೆ. ಪತ್ರ ಒಟ್ಟು ಏಳು ವಾಕ್ಯ, ಅದರಲ್ಲಿ ಮೂರು ನಾವು ಕೊಟ್ಟದ್ದು, ನಾಲ್ಕು ಮಗುವಿನದು. ಮೂರನೇ ತರಗತಿಗೆ ಇಷ್ಟು ಸಾಕು. ಆ ವಯಸ್ಸಿನಲ್ಲಿ ಒತ್ತು, ದೀರ್ಘ, ಅನುಸ್ವಾರಗಳನ್ನು ಸರಿಯಾಗಿ ಮೂಡಿಸುವುದೇ ಕೈಗೂ ತಲೆಗೂ ದೊಡ್ಡ ಕೆಲಸ. 'ಪೆನ್ಸಿಲ್' ಎಂಬಲ್ಲಿ ನ್ಸಿ ಹೇಗೆ ಬರೆಯಬೇಕು ಎಂದು ಯೋಚಿಸುತ್ತಿರುವಾಗಲೇ ಮುಂದಿನ ವಾಕ್ಯ ಮರೆತುಹೋಗಿರುತ್ತದೆ. ಹಾಗಾಗಿ ಈ ಪಾಠದಲ್ಲಿ ಬರೆಯುವ ಹೊತ್ತಿಗಿಂತ ಮಾತಾಡುವ ಹೊತ್ತೇ ಹೆಚ್ಚು. ವಾಕ್ಯ ಮೊದಲು ಬಾಯಲ್ಲಿ ಪೂರ್ತಿಯಾಗಿರಬೇಕು, ಆಮೇಲೆ ಕೈ ಅದನ್ನು ನಿಧಾನವಾಗಿ ಇಳಿಸಿಕೊಳ್ಳುತ್ತದೆ.

ಪಾಠಕ್ಕೆ ನಲವತ್ತು ನಿಮಿಷದ ಎರಡು ಪಿರಿಯಡ್ ಬೇಕು. ಒಂದೇ ಪಿರಿಯಡ್‌ನಲ್ಲಿ ಮುಗಿಸಿದರೆ ಕೊನೆಯ ಹತ್ತು ನಿಮಿಷದಲ್ಲಿ ಎಲ್ಲರೂ ಪಕ್ಕದವರದ್ದನ್ನು ನೋಡಿಕೊಂಡು ಬರೆಯುತ್ತಾರೆ.

ಮೊದಲ ಪಿರಿಯಡ್: ಬಾಯಲ್ಲಿ ಪತ್ರ

ಮೊದಲು ತೀರ್ಮಾನವಾಗಬೇಕಾದದ್ದು ಪತ್ರ ಯಾರಿಗೆ ಎಂಬುದು. 'ನಿನ್ನ ಗೆಳೆಯನಿಗೆ ಒಂದು ಪತ್ರ ಬರೆ' ಎಂದಷ್ಟೇ ಹೇಳಿದರೆ ಮಕ್ಕಳು ಯಾರೂ ಅಲ್ಲದ ಒಬ್ಬ ಗೆಳೆಯನಿಗೆ ಬರೆಯುತ್ತಾರೆ. ಪಾಠದಲ್ಲಿ ಬಂದ ಹೆಸರನ್ನೇ ಇಟ್ಟುಬಿಡುವವರೂ ಇದ್ದಾರೆ. ಹೆಸರು, ಮುಖ, ಗುಣ ಗೊತ್ತಿರುವ ಒಬ್ಬರು ಬೇಕು: ಬೇರೆ ಶಾಲೆಗೆ ಹೋದ ಗೆಳತಿ, ಪಕ್ಕದ ಸೆಕ್ಷನ್ನಿನ ಗೆಳೆಯ, ನಾಲ್ಕು ದಿನದಿಂದ ಶಾಲೆಗೆ ಬರದ ಸಹಪಾಠಿ. ನಾನು ಕಣ್ಣು ಮುಚ್ಚಿಸಿ ಕೇಳುತ್ತೇನೆ: 'ನಿಮ್ಮ ಗೆಳೆಯ ಕಾಣ್ತಾ ಇದಾನಾ? ಏನು ಮಾಡ್ತಾ ಇದಾನೆ?' ಒಬ್ಬ ಹುಡುಗ ಕಣ್ಣು ಮುಚ್ಚಿಕೊಂಡೇ 'ಮಿಸ್, ನನ್ನ ಜೊತೆ ಜಗಳ ಆಡ್ತಾ ಇದಾನೆ' ಎಂದಿದ್ದ. ಆ ದಿನ ತರಗತಿಯಲ್ಲೆಲ್ಲ ಒಳ್ಳೆಯ ಪತ್ರ ಅವನದೇ ಆಗಿತ್ತು.

ಎರಡನೆಯದು, ಒಂದೇ ಒಂದು ಸುದ್ದಿ. ಮಕ್ಕಳು ಸುದ್ದಿ ಎಂದರೆ ದೊಡ್ಡದೇ ಇರಬೇಕು ಎಂದುಕೊಳ್ಳುತ್ತಾರೆ, ಪ್ರವಾಸ, ಬಹುಮಾನ, ಹುಟ್ಟುಹಬ್ಬ. ಹಾಗಾಗಿ ನಾನೇ ಮೊದಲು ಬೇಕಂತಲೇ ಸಣ್ಣ ಸುದ್ದಿ ಹೇಳುತ್ತೇನೆ: ನಿನ್ನೆ ನನ್ನ ಚಪ್ಪಲಿಯ ಒಳಗೆ ಒಂದು ಕಪ್ಪೆ ಕೂತಿತ್ತು. ಅಷ್ಟು ಹೇಳಿದರೆ ಸಾಕು, ಕೈಗಳು ಏಳುತ್ತವೆ. ಎಲ್ಲರ ಬಳಿಯೂ ಕಪ್ಪೆಯಷ್ಟು ಸುದ್ದಿ ಇದ್ದೇ ಇರುತ್ತದೆ.

ಆ ಕಪ್ಪೆಯನ್ನೇ ಇಟ್ಟುಕೊಂಡು ಬೋರ್ಡಿನ ಮೇಲೆ ಒಂದು ಪತ್ರವನ್ನು ಮಕ್ಕಳ ಮುಂದೆಯೇ ಬರೆಯಬೇಕು. ಸಿದ್ಧವಾದ ಮಾದರಿ ಪತ್ರವನ್ನು ಓದಿ ಹೇಳುವುದಕ್ಕಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಬರೆಯುವವರ ತಲೆಯೊಳಗೆ ಏನು ನಡೆಯುತ್ತದೆ ಎಂದು ಮಕ್ಕಳಿಗೆ ಕೇಳಿಸುತ್ತದೆ. 'ನಿನ್ನೆ ಕಪ್ಪೆ ನೋಡಿದೆ. ತುಂಬಾ ಸಂತೋಷವಾಯಿತು' ಎಂದು ಬರೆದು ನಿಲ್ಲುತ್ತೇನೆ. ತಲೆ ಕೆರೆದುಕೊಂಡು 'ಇದು ಓದಿದರೆ ನನ್ನ ಗೆಳತಿಗೆ ಕಪ್ಪೆ ಎಲ್ಲಿತ್ತು ಅಂತ ಗೊತ್ತಾಗುತ್ತಾ?' ಎನ್ನುತ್ತೇನೆ. 'ಇಲ್ಲ!' 'ನನಗೆ ಸಂತೋಷ ಆಯ್ತಾ?' 'ಇಲ್ಲ ಮಿಸ್, ಹೆದರಿಕೆ ಆಯ್ತು!' ಒರೆಸುತ್ತೇನೆ. ಮಕ್ಕಳ ಬಾಯಿಂದಲೇ ಬಂದ ವಾಕ್ಯ ಬೋರ್ಡಿಗೆ ಏರುತ್ತದೆ: 'ನಿನ್ನೆ ಚಪ್ಪಲಿಗೆ ಕಾಲು ಹಾಕಿದೆ. ಒಳಗೆ ತಣ್ಣಗೆ ಏನೋ ಅಲ್ಲಾಡಿತು. ನೋಡಿದರೆ ಕಪ್ಪೆ! ನಾನೂ ಹಾರಿದೆ, ಅದೂ ಹಾರಿತು.' ಟೀಚರ್ ಬರೆದು ಅಳಿಸುತ್ತಾರೆ ಎಂಬುದನ್ನು ನೋಡಿದ ಮಕ್ಕಳು ತಾವೂ ಅಳಿಸಲು ಹೆದರುವುದಿಲ್ಲ. ಈ ಪತ್ರ ಮುಗಿದ ಕೂಡಲೇ ಬೋರ್ಡಿನಿಂದ ಪೂರ್ತಿ ಒರೆಸಿಬಿಡಬೇಕು. ಒಮ್ಮೆ ನಾನು ಮರೆತು ಹಾಗೇ ಬಿಟ್ಟಿದ್ದೆ. ಅವತ್ತು ಹನ್ನೊಂದು ಮಕ್ಕಳ ಚಪ್ಪಲಿಯಲ್ಲಿ ಕಪ್ಪೆ ಕೂತಿತ್ತು.

ಇನ್ನು ಮಕ್ಕಳ ಸರದಿ. ಇಬ್ಬಿಬ್ಬರಾಗಿ ಕೂತು ಒಬ್ಬರು ತಮ್ಮ ಸುದ್ದಿಯನ್ನು ಮೂರು ಬೆರಳಿಗೆ ಮೂರು ವಾಕ್ಯ ಮಾಡಿ ಹೇಳಬೇಕು. ಮೊದಲ ಬೆರಳು ಏನಾಯಿತು, ಎರಡನೆಯದು ಹೇಗಾಯಿತು, ಮೂರನೆಯದು ಆಮೇಲೆ ಏನು. ಬೆರಳು ಮಡಿಸುವುದರಿಂದ ಒಂದು ಉಪಕಾರವಿದೆ. ಮಾತಾಡುವಾಗ ಮಕ್ಕಳಿಗೆ ಪೂರ್ಣವಿರಾಮವೇ ಇರುವುದಿಲ್ಲ. 'ನಾನು ಹೋಗಿ ನೋಡಿ ಬಂದು ಅಮ್ಮಂಗೆ ಹೇಳಿ ಆಮೇಲೆ ಅಕ್ಕ ಬಂದು ನೋಡಿ…' ಎಂದು ಕನ್ನಡದ 'ಹೋಗಿ, ನೋಡಿ, ಬಂದು'ಗಳು ರೈಲಿನ ಡಬ್ಬಿಗಳ ಹಾಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಹೋಗುತ್ತವೆ. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಎಂಟು ವರ್ಷದ ಮಗು ಅದನ್ನು ಬರೆಯಲು ಹೋದರೆ ದಾರಿಯ ಮಧ್ಯೆ ಕರ್ತೃ ಯಾರು ಎಂಬುದೇ ಕಳೆದುಹೋಗುತ್ತದೆ. ಬೆರಳು ಮಡಿಸಿದಲ್ಲಿ ವಾಕ್ಯ ನಿಲ್ಲಬೇಕು ಎಂಬ ನಿಯಮ ಇಟ್ಟರೆ ಪೂರ್ಣವಿರಾಮ ಎಲ್ಲಿ ಎಂಬುದು ಬಾಯಲ್ಲೇ ತೀರ್ಮಾನವಾಗುತ್ತದೆ.

ಕೇಳಿಸಿಕೊಂಡವರ ಕೆಲಸ, ಒಂದು ಪ್ರಶ್ನೆ ಕೇಳುವುದು. 'ಚೆನ್ನಾಗಿದೆ' ಎನ್ನುವಂತಿಲ್ಲ, ಏನಾದರೂ ಕೇಳಲೇಬೇಕು. ಆ ಪ್ರಶ್ನೆಗೆ ಕೊಟ್ಟ ಉತ್ತರವೇ ಎಷ್ಟೋ ಸಲ ಪತ್ರದ ಒಳ್ಳೆಯ ವಾಕ್ಯವಾಗಿರುತ್ತದೆ. ಹತ್ತು ನಿಮಿಷ ಗಲಾಟೆ ಇರುತ್ತದೆ, ಇರಲಿ. ಪಿರಿಯಡ್‌ನ ಕೊನೆಯ ಹತ್ತು ಹದಿನೈದು ನಿಮಿಷ ಚೌಕಟ್ಟಿನ ಹಾಳೆ ಕೊಟ್ಟು ಮೊದಲ ಬರಹ ಬರೆಸಬಹುದು. ಕಾಗುಣಿತ ಕೇಳಿದರೆ 'ಈಗ ನಿನಗೆ ತೋಚಿದ ಹಾಗೆ ಬರಿ, ನಾಳೆ ನೋಡೋಣ' ಎಂದರೆ ಸಾಕು.

ಒಂದು ಪತ್ರದ ಕಥೆ

ಒಬ್ಬ ಹುಡುಗಿಯ ಪತ್ರವನ್ನೇ ಹತ್ತಿರದಿಂದ ನೋಡೋಣ. ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ. ಅವಳ ಗೆಳತಿ ಬೇರೆ ಶಾಲೆಗೆ ಸೇರಿದ್ದಳು. ಮೊದಲ ಬರಹ ಹೀಗಿತ್ತು:

ಪ್ರೀತಿಯ ಸುಮ,
ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ?
ನಿನಗೊಂದು ವಿಷಯ ಹೇಳಬೇಕು. ನನ್ನ ಹಲ್ಲು ಬಿತ್ತು. ಅದು ತಾನಾಗಿಯೇ ಬಿತ್ತು. ನನಗೆ ತುಂಬಾ ಸಂತೋಷವಾಯಿತು.
ನಿಮ್ಮ ಶಾಲೆ ಹೇಗಿದೆ?
ಇಂತಿ ನಿನ್ನ ಗೆಳೆಯ/ಗೆಳತಿ,
ಅನು

ಕೊನೆಯ ಸಾಲಿನ ಆ ಅಡ್ಡಗೀಟು ಬಂದದ್ದು ನನ್ನ ಹಾಳೆಯಿಂದಲೇ. ಆ ವರ್ಷ ನಾನು ಹಾಳೆಯಲ್ಲಿ 'ಗೆಳೆಯ/ಗೆಳತಿ' ಎಂದು ಅಚ್ಚು ಹಾಕಿಸಿದ್ದೆ, ಅರ್ಧ ತರಗತಿ ಎರಡನ್ನೂ ನಕಲು ಮಾಡಿತ್ತು. ಕೆಲವರು 'ಪ್ರೀತಿಯ' ಆದಮೇಲಿನ ಗೆರೆಯ ಮೇಲೆ 'ಹೆಸರು' ಎಂದೇ ಬರೆದಿದ್ದರು. ಒಬ್ಬ ಚುಕ್ಕೆಗೆರೆಗಳನ್ನೂ ಒಂದೊಂದಾಗಿ ಎಣಿಸಿ ಇಳಿಸಿದ್ದ. ಮಕ್ಕಳ ಮಟ್ಟಿಗೆ ಹಾಳೆಯಲ್ಲಿರುವುದೆಲ್ಲ ಪತ್ರವೇ. ಆದ್ದರಿಂದ ಸೂಚನೆಯನ್ನು ಬೇರೆ ಬಣ್ಣದಲ್ಲೋ ಆವರಣದೊಳಗೋ ಇಟ್ಟು, 'ಇದು ನಿನಗೆ ಕೇಳುವ ಮಾತು, ಸುಮನಿಗೆ ಹೋಗುವುದಿಲ್ಲ' ಎಂದು ಬಾಯಲ್ಲಿ ಹೇಳಲೇಬೇಕು. ದಿನಾಂಕದ ಜಾಗದಲ್ಲಿ ಹುಟ್ಟಿದ ದಿನಾಂಕ ಬರೆಯುವವರೂ ಇದ್ದಾರೆ, ಏಕೆಂದರೆ 'ದಿನಾಂಕ' ಎಂಬ ಪದವನ್ನು ಅವರು ನೋಡಿರುವುದು ಹೆಚ್ಚಾಗಿ ಅಂಥ ಅರ್ಜಿಗಳಲ್ಲೇ.

ಆದರೆ ಅನುವಿನ ಪತ್ರದಲ್ಲಿ ನಿಜವಾಗಿ ನೋಡಬೇಕಾದದ್ದು ನಡುವಿನ ಭಾಗ. ಸುದ್ದಿ ಚೆನ್ನಾಗಿದೆ, ಆದರೆ ಅದರಲ್ಲಿ ಅನು ಇಲ್ಲ, ಸುಮಳೂ ಇಲ್ಲ. ಇದನ್ನು ಪತ್ತೆ ಹಚ್ಚಲು ಒಂದು ಸುಲಭ ಪರೀಕ್ಷೆ ಇದೆ: ಎರಡು ಪತ್ರಗಳ ಹೆಸರುಗಳನ್ನು ಅದಲು ಬದಲು ಮಾಡಿ ನೋಡುವುದು. ಹಲ್ಲು ಬಿದ್ದ ಇನ್ನೊಬ್ಬ ಹುಡುಗನ ಹೆಸರು ಹಾಕಿದರೂ ಈ ಪತ್ರ ಹಾಗೇ ನಡೆಯುತ್ತದೆ. ಅಂದರೆ ಬರೆದದ್ದು ಮಗುವಲ್ಲ, ಚೌಕಟ್ಟು.

ಮರುದಿನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ.

'ಹಲ್ಲು ಎಲ್ಲಿ ಬಿತ್ತು ಪುಟ್ಟಾ?'

'ಕ್ಲಾಸಲ್ಲೇ ಮಿಸ್. ಪೆನ್ಸಿಲ್ ಕಚ್ತಾ ಇದ್ದೆ.'

'ಈಗ ಎಲ್ಲಿದೆ?'

ಅವಳು ಪೆನ್ಸಿಲ್ ಡಬ್ಬಿ ತೆಗೆದು ತೋರಿಸಿದಳು. ರಬ್ಬರ್ ಪಕ್ಕ ಕಾಗದದಲ್ಲಿ ಸುತ್ತಿಟ್ಟಿದ್ದ ಹಲ್ಲು.

'ಹಲ್ಲು ಹೋದ ಮೇಲೆ ಏನಾದ್ರೂ ಬದಲಾಯ್ತಾ?'

'ಸುಮ ಅಂತ ಹೇಳಕ್ಕೆ ಹೋದ್ರೆ ಬರೀ ಗಾಳಿ ಬರತ್ತೆ ಮಿಸ್.' ಹೇಳಿ ತೋರಿಸಿದಳು. ನಿಜಕ್ಕೂ ಗಾಳಿಯೇ ಬಂತು.

'ಇದು ಸುಮನಿಗೆ ಗೊತ್ತಾ?'

'ಇಲ್ಲ.'

'ಮತ್ತೆ?'

ನಾನು ಮಾಡಿದ್ದು ಇಷ್ಟೇ. ವಾಕ್ಯ ಹೇಳಿಕೊಡಲಿಲ್ಲ, ಪ್ರಶ್ನೆ ಕೇಳಿದೆ. 'ಎಲ್ಲಿ', 'ಈಗ ಎಲ್ಲಿದೆ', 'ಏನು ಬದಲಾಯಿತು' ಎಂಬ ಪ್ರಶ್ನೆಗಳಿಗೆ ಮಕ್ಕಳು ವಸ್ತು, ಜಾಗ, ಸದ್ದು ಹೇಳುತ್ತಾರೆ. 'ನಿನಗೆ ಹೇಗನ್ನಿಸಿತು?' ಎಂದು ಕೇಳಿದರೆ ಉತ್ತರ ಮೊದಲೇ ಗೊತ್ತಿದೆ: 'ತುಂಬಾ ಸಂತೋಷವಾಯಿತು.' ನನ್ನ ಚೌಕಟ್ಟಿನಲ್ಲಿ ಮೊದಲು ಮೂರನೆಯ ಸಾಲು 'ಏನನ್ನಿಸಿತು?' ಎಂದೇ ಇತ್ತು. ಅನುವಿನ ಪತ್ರ ಕಂಡ ಮೇಲೆ ಅದನ್ನು ತೆಗೆದು 'ಆಮೇಲೆ ಏನು?' ಎಂದು ಮಾಡಿದೆ.

ಇನ್ನು ಅವಳ ಕೊನೆಯ ಪ್ರಶ್ನೆ: 'ನಿಮ್ಮ ಶಾಲೆ ಹೇಗಿದೆ?' ಇದಕ್ಕೆ 'ಚೆನ್ನಾಗಿದೆ' ಎಂದರೆ ಮುಗಿಯಿತು. ಪತ್ರದ ಕೊನೆಯ ಪ್ರಶ್ನೆ ಆ ಗೆಳತಿ ಒಬ್ಬಳೇ ಉತ್ತರಿಸಬಹುದಾದ ಪ್ರಶ್ನೆಯಾಗಿರಬೇಕು, ಆಗ ಮರುಪತ್ರ ಬರೆಯಲು ಅವಳಿಗೊಂದು ನೆಪ ಸಿಗುತ್ತದೆ. 'ಸುಮನ ಹತ್ತಿರ ನಿನಗೆ ನಿಜವಾಗ್ಲೂ ಏನು ತಿಳ್ಕೋಬೇಕು?' ಎಂದು ಕೇಳಿದಾಗ ಅನು ಸ್ವಲ್ಪ ಹೊತ್ತು ಸುಮ್ಮನಿದ್ದು 'ಅವಳದ್ದೂ ಒಂದು ಹಲ್ಲು ಅಲ್ಲಾಡ್ತಾ ಇತ್ತು' ಎಂದಳು.

ಎರಡನೆಯ ಬರಹ:

ಪ್ರೀತಿಯ ಸುಮ,
ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ?
ನಿನಗೊಂದು ವಿಷಯ ಹೇಳಬೇಕು. ಮೊನ್ನೆ ಕ್ಲಾಸಿನಲ್ಲಿ ಪೆನ್ಸಿಲ್ ಕಚ್ಚುತ್ತಿದ್ದಾಗ ನನ್ನ ಮುಂದಿನ ಹಲ್ಲು ಬಿತ್ತು. ಅದನ್ನು ಪೆನ್ಸಿಲ್ ಡಬ್ಬಿಯಲ್ಲೇ ಇಟ್ಟಿದ್ದೇನೆ. ಈಗ ನಿನ್ನ ಹೆಸರು ಹೇಳಿದರೆ ಬರೀ ಗಾಳಿ ಬರುತ್ತದೆ ಕಣೇ.
ನಿನ್ನ ಅಲ್ಲಾಡುವ ಹಲ್ಲು ಬಿತ್ತಾ?
ಇಂತಿ ನಿನ್ನ ಗೆಳತಿ,
ಅನು

ವಾಕ್ಯಗಳ ಸಂಖ್ಯೆ ಹೆಚ್ಚಲಿಲ್ಲ. ಆದರೆ ಈಗ ಹೆಸರು ಅದಲು ಬದಲು ಮಾಡಿದರೆ ಪತ್ರ ನಿಲ್ಲುವುದಿಲ್ಲ. 'ರಘು' ಎಂದು ಹೇಳಿದರೆ ಆ ಗಾಳಿ ಬರುವುದಿಲ್ಲವಲ್ಲ.

'ಕಣೇ' ಎಂಬುದನ್ನು ನಾನು ತಿದ್ದಲಿಲ್ಲ. ಇದರ ಬಗ್ಗೆ ಸಹೋದ್ಯೋಗಿಗಳ ಜೊತೆ ವಾದ ಆಗಿದೆ. ಬರಹದ ಕನ್ನಡವನ್ನು ಕಲಿಸಬೇಕಾದ ವಯಸ್ಸಿನಲ್ಲಿ ಆಡುಮಾತನ್ನು ಬಿಡಬಾರದು ಎಂಬುದು ಅವರ ಮಾತು, ಅದರಲ್ಲಿ ಹುರುಳಿಲ್ಲದೆ ಇಲ್ಲ. ನಾನು ಹಾಕಿಕೊಂಡ ಗೆರೆ ಹೀಗಿದೆ: 'ನಂಗೆ' ಎಂದು ಬರೆದಿದ್ದರೆ 'ನನಗೆ' ಎಂದು, 'ಬರತ್ತೆ' ಇದ್ದರೆ 'ಬರುತ್ತದೆ' ಎಂದು ಎರಡನೆಯ ಓದಿನಲ್ಲಿ ಮಾಡಿಸುತ್ತೇನೆ, ಏಕೆಂದರೆ ಅವು ಕಾಗುಣಿತದ ರೂಢಿ. 'ಕಣೋ', 'ಕಣೇ', 'ಗೊತ್ತಾ', 'ಬಿತ್ತಾ' ಇವನ್ನು ಬಿಡುತ್ತೇನೆ. ಅವು ಗೆಳೆತನದ ಗುರುತು. ಅವನ್ನು ತೆಗೆದರೆ ಪತ್ರ ಹೆಡ್ಮೇಷ್ಟ್ರಿಗೆ ಬರೆದ ಹಾಗಾಗುತ್ತದೆ.

ಮರ್ಯಾದೆಯ ಗೊಂದಲವೂ ಇಲ್ಲೇ ಬರುತ್ತದೆ. ರಜಾ ಅರ್ಜಿ ಬರೆಯಲು ಮೊದಲೇ ಕಲಿತ ಮಕ್ಕಳು ಗೆಳೆಯನಿಗೂ 'ಮಾನ್ಯರೇ' ಎಂದು ಶುರುಮಾಡಿ 'ತಮ್ಮ ವಿಶ್ವಾಸಿ' ಎಂದು ಮುಗಿಸುವುದುಂಟು. ಅದಕ್ಕಿಂತ ಸೂಕ್ಷ್ಮವಾದದ್ದು, 'ನೀನು ಹೇಗಿದ್ದೀರಿ?' ಎಂಬಂಥ ಬೆರಕೆ. ಸರ್ವನಾಮ ಒಂದು ಕಡೆ, ಕ್ರಿಯಾಪದದ ಬಾಲ ಇನ್ನೊಂದು ಕಡೆ. ಮಗುವಿಗೆ ನಿಯಮ ಹೇಳುವುದಕ್ಕಿಂತ 'ಇದನ್ನೇ ಆಟದ ಮೈದಾನದಲ್ಲಿ ಅವನಿಗೆ ಕೂಗಿ ಹೇಳು' ಎಂದರೆ ಸರಿಯಾದದ್ದು ತಾನಾಗಿ ಬಾಯಿಗೆ ಬರುತ್ತದೆ. ಕನ್ನಡ ಮನೆಮಾತಲ್ಲದ ಮಕ್ಕಳಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಅವರಿಗೆ 'ನೀನು ಇದ್ದೀಯ, ನೀವು ಇದ್ದೀರಿ' ಎಂದು ಜೋಡಿಯಾಗಿ ಬರೆದು ಕೊಡಬೇಕು.

ಎರಡನೆಯ ಪಿರಿಯಡ್: ತಿದ್ದುವುದು

ಮೂವತ್ತು ಮಕ್ಕಳನ್ನು ಒಬ್ಬೊಬ್ಬರಾಗಿ ಅನುವಿನ ಹಾಗೆ ಕೂರಿಸಿಕೊಳ್ಳಲು ಆಗುವುದಿಲ್ಲ. ನಾನು ಒಂದು ಪಿರಿಯಡ್‌ನಲ್ಲಿ ಐದಾರು ಮಕ್ಕಳ ಜೊತೆ ಮಾತಾಡುತ್ತೇನೆ. ಉಳಿದವರು ಪತ್ರವನ್ನು ಬದಲಿಸಿಕೊಂಡು, ಸ್ವತಃ ಆ ಗೆಳೆಯನೇ ಆದಂತೆ ಓದಿ, ತಿಳಿಯದ ಜಾಗದಲ್ಲಿ ಪೆನ್ಸಿಲ್‌ನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ. ಬರೆದವರು ಆ ಚಿಹ್ನೆಗೆ ಉತ್ತರ ಸೇರಿಸುತ್ತಾರೆ. ಎಲ್ಲ ಜೋಡಿಗಳಲ್ಲೂ ಇದು ಚೆನ್ನಾಗಿ ನಡೆಯುತ್ತದೆ ಎಂದೇನಿಲ್ಲ. ಕೆಲವರು ಇಡೀ ಹಾಳೆಗೆ ಚಿಹ್ನೆ ಹಾಕಿ ನಗುತ್ತಾರೆ. ಒಂದೇ ಚಿಹ್ನೆ ಹಾಕಬಹುದು ಎಂಬ ಮಿತಿ ಇಟ್ಟರೆ ಅವರೂ ಓದಬೇಕಾಗುತ್ತದೆ.

ತಪ್ಪು ತಿದ್ದುವಾಗ ಒಂದು ಪತ್ರಕ್ಕೆ ಎರಡೇ ವಿಷಯ. ಒಂದು ವಿನ್ಯಾಸದ್ದು, ಉದಾಹರಣೆಗೆ 'ಪ್ರೀತಿಯ ಸುಮ' ಆದಮೇಲೆ ಅಲ್ಪವಿರಾಮ. ಇನ್ನೊಂದು ಆ ಮಗು ಮತ್ತೆ ಮತ್ತೆ ತಪ್ಪುವ ಒಂದು ಒತ್ತಕ್ಷರ. ಇಡೀ ಹಾಳೆ ಕೆಂಪಾದರೆ ಮುಂದಿನ ಸಲ ಮಗು ತನಗೆ ಬರೆಯಲು ಗೊತ್ತಿರುವ ಪದಗಳನ್ನಷ್ಟೇ ಬಳಸುತ್ತದೆ. 'ಪೆನ್ಸಿಲ್ ಡಬ್ಬಿ' ಹೋಗಿ 'ಮರ' ಬರುತ್ತದೆ.

ಬರೆಯಲು ತೀರಾ ಕಷ್ಟಪಡುವ ಮಕ್ಕಳಿಗೆ ಚೌಕಟ್ಟನ್ನು ಬಿಗಿ ಮಾಡುವ ಬದಲು ಕೈಯ ಕೆಲಸವನ್ನು ಹಂಚಿಕೊಳ್ಳುವುದು ಒಳ್ಳೆಯದು. ಮಗು ಮೂರು ವಾಕ್ಯ ಹೇಳುತ್ತದೆ, ಎರಡನ್ನು ನಾನು ಬರೆಯುತ್ತೇನೆ, ಒಂದನ್ನು ಅದು. ಮುಂದಿನ ಪತ್ರದಲ್ಲಿ ಒಂದು ನನ್ನದು, ಎರಡು ಅದರದ್ದು. ವಾಕ್ಯ ಮಾತ್ರ ಮೂರೂ ಮಗುವಿನವೇ. ಇದಕ್ಕೆ ವಿರುದ್ಧವಾಗಿ ಎರಡು ಪುಟ ತುಂಬಿಸಿ ಎಂಟು ಸುದ್ದಿ ಹೇಳುವ ಮಗುವಿಗೆ, ಎಂಟರಲ್ಲಿ ಗೆಳೆಯ ಯಾವುದಕ್ಕೆ ನಗುತ್ತಾನೆ ಎಂದು ಕೇಳಿ ಅದೊಂದನ್ನೇ ಉಳಿಸಲು ಹೇಳುತ್ತೇನೆ. ಹೆಚ್ಚು ಬರೆದದ್ದಕ್ಕೆ ಹೆಚ್ಚು ಅಂಕ ಎಂದು ನಂಬಿರುವ ಮಕ್ಕಳಿಗೆ ಇದು ಕಷ್ಟದ ಮಾತು.

ಸಾರುವೆ ಬಿಚ್ಚುವುದು

ಎರಡು ವಾರಕ್ಕೊಂದು ಪತ್ರ ಬರೆಸಿದರೆ ನಾಲ್ಕನೆಯ ಪತ್ರದ ಹೊತ್ತಿಗೆ ಚೌಕಟ್ಟು ಇಲ್ಲದೆ ಬರೆಯುವವರು ತರಗತಿಯಲ್ಲಿ ಕಾಣತೊಡಗುತ್ತಾರೆ. ಬಿಚ್ಚುವ ಕ್ರಮ ಮುಖ್ಯ. ನಾನು ಮೊದಲು ತೆಗೆಯುವುದು 'ನಿನಗೊಂದು ವಿಷಯ ಹೇಳಬೇಕು' ಎಂಬ ವಾಕ್ಯವನ್ನು. ಅದು ಮೊದಲ ಸಲ ಬಾಗಿಲು ತೆರೆಯಲು ಕೊಟ್ಟ ಕೀಲಿ, ಎರಡನೆಯ ಪತ್ರಕ್ಕೆ ಬೇಕಿಲ್ಲ. ಮೂರನೆಯ ಪತ್ರದಲ್ಲಿ ನಡುವಿನ ಮೂರು ಪ್ರಶ್ನೆಗಳನ್ನು ತೆಗೆದು ಬರೀ ಗೆರೆ ಬಿಡುತ್ತೇನೆ, ಬೆರಳು ಮಡಿಸುವುದು ಮಾತ್ರ ಉಳಿದಿರುತ್ತದೆ. ಊರು, ದಿನಾಂಕ, ಪ್ರೀತಿಯ, ಇಂತಿ, ಇವನ್ನು ಕೊನೆಗೆ ತೆಗೆಯುತ್ತೇನೆ. ಎಷ್ಟೋ ಕಡೆ ಇದರ ತದ್ವಿರುದ್ಧ ನಡೆಯುತ್ತದೆ. ದಿನಾಂಕ ಎಲ್ಲಿ ಬರೆಯಬೇಕು ಎಂದು ಪರೀಕ್ಷೆಯಲ್ಲಿ ಕೇಳುತ್ತಾರೆ, ನಡುವಿನ ಮಾತನ್ನು ಮಾತ್ರ ಕಂಠಪಾಠ ಮಾಡಿಸುತ್ತಾರೆ.

ಬಿಚ್ಚಿದ್ದು ಬೇಗವಾಯಿತೇ ಎಂದು ತಿಳಿಯುವುದು ಹೇಗೆ? ನಡುವಿನ ಪ್ರಶ್ನೆ ತೆಗೆದ ಮೇಲೆ ಮಗುವಿನ ಪತ್ರ 'ಏನಾಯಿತು' ಎಂಬಲ್ಲೇ ನಿಂತು ನೇರವಾಗಿ 'ಇಂತಿ'ಗೆ ಹಾರಿದರೆ ಆ ಮಗುವಿಗೆ ಪ್ರಶ್ನೆಗಳ ಹಾಳೆಯನ್ನು ಇನ್ನೊಂದು ಸಲ ಕೊಡಬೇಕು. ತಡವಾಯಿತೇ ಎಂದು ತಿಳಿಯುವುದು ಇನ್ನೂ ಸುಲಭ. ಮಗು ಪ್ರಶ್ನೆಗಳನ್ನು ಓದುವುದನ್ನೇ ಬಿಟ್ಟಿರುತ್ತದೆ, ಗೆರೆ ಸಾಲದೆ ಅಂಚಿನಲ್ಲಿ ಬರೆದಿರುತ್ತದೆ.

ಪತ್ರವನ್ನು ಕಳಿಸಲೇಬೇಕು. ವಿಳಾಸ ಬರೆಯುವುದು ಇನ್ನೊಂದು ದಿನದ ಪಾಠ, ಅಲ್ಲಿಯವರೆಗೆ ಮಡಚಿ ಮೇಲೆ ಹೆಸರು ಬರೆದು ಕೈಯಲ್ಲಿ ಕೊಟ್ಟರೂ ಸರಿ, ತರಗತಿಯ ಮೂಲೆಯಲ್ಲಿ ರಟ್ಟಿನ ಡಬ್ಬಿಯೊಂದನ್ನು ಅಂಚೆಡಬ್ಬಿ ಮಾಡಿದರೂ ಸರಿ. ಉತ್ತರ ಬಂದರೆ ಯಾವ ಪ್ರಶ್ನೆ ಕೆಲಸ ಮಾಡಿತು ಎಂಬುದು ಅದರಲ್ಲೇ ಇರುತ್ತದೆ.

ಸುಮನ ಉತ್ತರ ಮೂರು ವಾರ ಬಿಟ್ಟು ಬಂತು. ಅವಳ ಹಲ್ಲೂ ಬಿದ್ದು ಆ ಜಾಗದಲ್ಲಿ ಗರಗಸದ ಹಾಗೆ ಹೊಸ ಹಲ್ಲು ಹುಟ್ಟುತ್ತಿತ್ತು. ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು: 'ಡಬ್ಬಿಯಲ್ಲಿರುವ ಹಲ್ಲು ಇನ್ನೂ ಇದೆಯಾ?' ಅನು ಅದಕ್ಕೆ ಮರುಪತ್ರ ಬರೆಯಲು ಚೌಕಟ್ಟಿನ ಹಾಳೆಯನ್ನೇ ತೆಗೆದುಕೊಂಡಳು. ಆದರೆ 'ನಾನು ಚೆನ್ನಾಗಿದ್ದೇನೆ' ಎಂಬ ಸಾಲಿನ ಮೇಲೆ, 'ಪ್ರೀತಿಯ ಸುಮ'ನ ಪಕ್ಕದಲ್ಲಿ ಉಳಿದಿದ್ದ ಇಷ್ಟೇ ಇಷ್ಟು ಜಾಗದಲ್ಲಿ ಮೊದಲು ತುರುಕಿದ್ದು ಇದನ್ನು: 'ಇಲ್ಲ ಕಣೇ, ಕಳೆದುಹೋಯಿತು.'